ತೆಳ್ಳಗಿನ ಅಪ್ಪಯ್ಯನಿಗೆ ಕೆಂಪು, ದಪ್ಪಗಿನ ಭಾವನಿಗೆ ಹಸಿರು: ಎಬಿಎಸ್‌ಐ ಲೆಕ್ಕ ನಂಬಬಹುದೇ?

ಸೋಂದಾ ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಸೊಸೈಟಿಯಲ್ಲಿ ಹೋದ ತಿಂಗಳು ಸದಸ್ಯರ ಆರೋಗ್ಯ ತಪಾಸಣೆ ಆಯಿತು. ಎತ್ತರ, ತೂಕ, ಸೊಂಟದ ಸುತ್ತಳತೆ, ಬಿಪಿ ಇಷ್ಟನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅದನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬಿಎಂಐ ಒಂದೇ ಸಾಕಾಗುವುದಿಲ್ಲ, ಹೊಟ್ಟೆಯ ಅಳತೆಯನ್ನೂ ಸೇರಿಸಿ ಲೆಕ್ಕ ಹಾಕುವ ಎ ಬಾಡಿ ಶೇಪ್ ಇಂಡೆಕ್ಸ್, ಅಂದರೆ ಎಬಿಎಸ್‌ಐ ಅಂತ ಒಂದಿದೆ, ಸಾವಿನ ಅಪಾಯವನ್ನು ಅದು ಚೆನ್ನಾಗಿ ಹೇಳುತ್ತದೆ ಎಂದು ಓದಿದ್ದೆ. ಹಾಗಾಗಿ ಶೀಟಿನಲ್ಲಿ ಅದಕ್ಕೂ ಒಂದು ಕಾಲಂ ಮಾಡಿದೆ. A ಕಾಲಂನಲ್ಲಿ ಸೊಂಟ (ಸೆಂ.ಮೀ.), B ಯಲ್ಲಿ ತೂಕ (ಕಿಲೋ), C ಯಲ್ಲಿ ಎತ್ತರ (ಸೆಂ.ಮೀ.):

```
=(A2/100)/((B2/(C2/100)^2)^(2/3)*(C2/100)^0.5)
```

ಸರಾಸರಿ 0.0808, ಜನರ ಅಂಕಿ ಸರಾಸರಿಯ ಆಚೀಚೆ ಸಾಮಾನ್ಯವಾಗಿ ಎಷ್ಟು ಹರಡಿರುತ್ತದೆ ಎಂದು ಹೇಳುವ ಎಸ್‌ಡಿ 0.0053 ಎಂದು ಇಟ್ಟುಕೊಂಡು, ಸರಾಸರಿಗಿಂತ ಒಂದು ಎಸ್‌ಡಿ ಮೇಲೆ ಹೋದವರಿಗೆ ಕೆಂಪು ಬಣ್ಣ, ಸರಾಸರಿಗಿಂತ ಕೆಳಗಿದ್ದವರಿಗೆ ಹಸಿರು ಹಾಕಿದೆ.

ನಮ್ಮ ಮನೆಯ ಎರಡು ಸಾಲು ನೋಡಿ. ಅಪ್ಪಯ್ಯನಿಗೆ 58 ವರ್ಷ. ಎತ್ತರ 165, ತೂಕ 58, ಸೊಂಟ 88. ಬಿಎಂಐ 21.3, ಅಂದರೆ ಯಾರು ನೋಡಿದರೂ ಸರಿಯಾಗಿದೆ ಅನ್ನುವ ಲೆಕ್ಕ. ಎಬಿಎಸ್‌ಐ ಮಾತ್ರ 0.0891, ಕೆಂಪು. ಭಾವನಿಗೆ 46 ವರ್ಷ, ಎತ್ತರ ಅದೇ 165, ತೂಕ 82, ಸೊಂಟ 98. ಬಿಎಂಐ 30.1. ಎಬಿಎಸ್‌ಐ 0.0788, ಹಸಿರು. ಭಾವ ಈಗಾಗಲೇ ಬಿಪಿ ಮಾತ್ರೆ ತಗೊಳ್ಳುತ್ತಿದ್ದಾನೆ. ಹಸಿರು ನೋಡಿದ್ದೇ ಸರಿ, ತನಗೇನೂ ತೊಂದರೆ ಇಲ್ಲ ಅಂತ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾನೆ. ಅಪ್ಪಯ್ಯ ಮಂಕಾಗಿ ಕೂತಿದ್ದಾರೆ.

ಸೂತ್ರ ತಪ್ಪೋ, ನಾನು ಹಾಕಿದ್ದು ತಪ್ಪೋ? ಇಬ್ಬರಲ್ಲಿ ಯಾರನ್ನು ಮೊದಲು ದವಾಖಾನೆಗೆ ಕರೆದುಕೊಂಡು ಹೋಗಲಿ?

ಬೈತಖೋಲ ಬಂದರು

ನನ್ನ ಪ್ಯಾಂಟ್ ಸೈಜ್ ಮದುವೆಯಾದಾಗಿನಿಂದ 34. ಒಂದು ಇಂಚೂ ಹೆಚ್ಚಾಗಲಿಲ್ಲ. ತೂಕ ಮಾತ್ರ 66 ಇದ್ದದ್ದು 77 ಆಯಿತು. ಹಾಗಾದರೆ ನನ್ನ ಸೊಂಟ 86 ಸೆಂ.ಮೀ. ಅಂತ ಹಾಕಿದರೆ ಆಯ್ತಲ್ಲ? ಎತ್ತರ 168. ಯಾರಾದರೂ ಲೆಕ್ಕ ಮಾಡಿ ಹೇಳಿ. ದೋಣಿಯಲ್ಲಿ ಬಲೆ ಎಳೆಯುವ ಮೈ, ಅಷ್ಟೆಲ್ಲ ಕೊಬ್ಬು ಇರಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ.

ಕಾರವಾರ ಮಾಸ್ತರ್

ಸೋಂದಾದವರೇ, ಸೂತ್ರ ಸರಿಯಾಗಿಯೇ ಇದೆ. ನೀವು ಹಾಕಿದ ಅಂಕಿಗಳನ್ನು ನಾನೂ ಹಾಕಿ ನೋಡಿದೆ, ಅದೇ ಉತ್ತರ ಬರುತ್ತದೆ. ಎಡವಿದ್ದು ಬಣ್ಣ ಹಚ್ಚಿದ ಜಾಗದಲ್ಲಿ. ಹಸಿರು ಅಂದರೆ ಕ್ಷೇಮ ಎಂಬ ಅರ್ಥ ಈ ಸೂತ್ರದಲ್ಲಿ ಇಲ್ಲವೇ ಇಲ್ಲ.

ಇದನ್ನು 2012ರಲ್ಲಿ ಪ್ರಕಟಿಸಿದವರು ನಿರ್ ಕ್ರಾಕವರ್ ಮತ್ತು ಜೆಸ್ಸಿ ಕ್ರಾಕವರ್. ಒಬ್ಬರು ನ್ಯೂಯಾರ್ಕಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಕಲಿಸುವವರು, ಇನ್ನೊಬ್ಬರು ವೈದ್ಯರು. ಅಮೆರಿಕದ ಆರೋಗ್ಯ ಸಮೀಕ್ಷೆಯಲ್ಲಿ 1999ರಿಂದ 2004ರವರೆಗೆ ಅಳತೆ ಕೊಟ್ಟ 14,105 ವಯಸ್ಕರ ಮಾಹಿತಿ ತೆಗೆದುಕೊಂಡರು. ಗರ್ಭಿಣಿಯರನ್ನು ಬಿಟ್ಟಿದ್ದರು. ಸರಾಸರಿ ಐದು ವರ್ಷದೊಳಗೆ ಅವರಲ್ಲಿ 828 ಜನ ತೀರಿಕೊಂಡಿದ್ದರು. ಅವರ ಮುಂದಿದ್ದ ಸಮಸ್ಯೆ ಏನೆಂದರೆ, ತೂಕ ಹೆಚ್ಚಾದವರ ಸೊಂಟವೂ ಹೆಚ್ಚೇ ಇರುತ್ತದೆ. ಹಾಗಾಗಿ ಸೊಂಟದ ಅಳತೆಯೊಂದನ್ನೇ ಇಟ್ಟುಕೊಂಡರೆ ಬಿಎಂಐ ಹೇಳಿದ್ದನ್ನೇ ಅದು ಮುಕ್ಕಾಲು ಪಾಲು ಮತ್ತೆ ಹೇಳುತ್ತದೆ. ಅದಕ್ಕೆ ಅವರು, ಇಷ್ಟು ಎತ್ತರ ಇಷ್ಟು ತೂಕ ಇರುವವರ ಸೊಂಟ ಸಾಮಾನ್ಯವಾಗಿ ಎಷ್ಟಿರುತ್ತದೆ ಎಂದು ಅದೇ ಜನರ ಅಳತೆಯಿಂದ ಕಂಡುಕೊಂಡು, ಆ ಪಾಲನ್ನು ಭಾಗಿಸಿ ತೆಗೆದುಹಾಕಿದರು. ಆ 2/3, 1/2 ಎಂಬ ಘಾತಗಳು ಬಂದದ್ದು ಅಲ್ಲಿಂದ. ಕೊನೆಗೆ ಉಳಿದದ್ದಕ್ಕೆ ಬಿಎಂಐ ಜೊತೆ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದು.

ನಿಮ್ಮ ಮನೆಯವರ ಲೆಕ್ಕವನ್ನೇ ತಿರುಗಿಸಿ ಹಾಕೋಣ. 165 ಎತ್ತರ, 58 ಕಿಲೋ ಇರುವವರ ಎಬಿಎಸ್‌ಐ ಸರಾಸರಿ 0.0808 ಆಗಬೇಕಾದರೆ ಸೊಂಟ ಎಷ್ಟಿರಬೇಕು? 79.8 ಸೆಂ.ಮೀ. ನಿಮ್ಮ ತಂದೆಯವರದ್ದು 88. ಅವರ ಮೈಕಟ್ಟಿಗೆ ನಿರೀಕ್ಷಿಸಿದ್ದಕ್ಕಿಂತ 8 ಸೆಂ.ಮೀ. ಜಾಸ್ತಿ. ಅದೇ ಎತ್ತರಕ್ಕೆ 82 ಕಿಲೋ ಆದರೆ ನಿರೀಕ್ಷಿತ ಸೊಂಟ 100.5. ನಿಮ್ಮ ಭಾವನದ್ದು 98, ಎರಡೂವರೆ ಕಡಿಮೆ. ಹಸಿರು ಹೇಳಿದ್ದು ಇಷ್ಟೇ: 82 ಕಿಲೋದ ಮನುಷ್ಯನಿಗೆ ಈ ಹೊಟ್ಟೆ ವಿಶೇಷವಲ್ಲ. 82 ಕಿಲೋ ಇರುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ಸೂತ್ರ ಮೊದಲೇ ಕಳೆದುಬಿಟ್ಟಿದೆ. ಅದನ್ನು ಬಿಎಂಐ ಕಾಲಂನಲ್ಲೇ ನೋಡಬೇಕು, ಅಲ್ಲಿ 30 ಅಂತ ಬರೆದಿದೆ. ಎರಡು ಕಾಲಂ ಅಕ್ಕಪಕ್ಕ ಇಟ್ಟು ಓದಬೇಕು, ಒಂದರ ಬದಲು ಇನ್ನೊಂದಲ್ಲ.

ಇನ್ನೊಂದು ಮಾತು. ಆ 0.0808 ಎಲ್ಲ ವಯಸ್ಸಿನ ಗಂಡಸರು ಹೆಂಗಸರು ಸೇರಿದ ಸರಾಸರಿ. ವಯಸ್ಸಾದಂತೆ ಎಬಿಎಸ್‌ಐ ತಾನಾಗಿಯೇ ಏರುತ್ತದೆ. ಅದಕ್ಕೇ ಮೂಲದಲ್ಲಿ ವಯಸ್ಸು, ಲಿಂಗ ನೋಡಿಕೊಂಡು ಹೋಲಿಸುವ ಪಟ್ಟಿ ಕೊಟ್ಟಿದ್ದಾರೆ. 58ರ ಗಂಡಸಿಗೆ ಸರಾಸರಿಯೇ ಮೇಲಿರುತ್ತದೆ. ನಿಮ್ಮ ಶೀಟಿನ ಪ್ರಕಾರ ತಂದೆಯವರು ಒಂದೂವರೆ ಎಸ್‌ಡಿ ಮೇಲಿದ್ದಾರೆ. ವಯಸ್ಸಿನ ಪಟ್ಟಿಗೆ ಹೋಲಿಸಿದರೆ ಅಷ್ಟು ದೂರ ಹೋಗಿರುವುದಿಲ್ಲ. ಊರಿನ ಹಿರಿಯರೆಲ್ಲ ಕೆಂಪಾಗಿ, ಹುಡುಗರೆಲ್ಲ ಹಸಿರಾಗಿದ್ದರೆ ಆಶ್ಚರ್ಯಪಡಬೇಡಿ. ಅರ್ಧ ಕಾರಣ ಇದೇ.

ಅಂಕೋಲಾ ಆಶಾ

ಮಾಸ್ತರ್ರೇ, ನಾನು ಆಶಾ ಕಾರ್ಯಕರ್ತೆ. ನಮಗೆ 30 ದಾಟಿದವರ ಮನೆಗೆ ಹೋಗಿ ತುಂಬುವ ಸಿಬ್ಯಾಕ್ ಫಾರಂ ಇದೆ. ಅದರಲ್ಲಿ ಸೊಂಟದ ಅಳತೆಗೆ ಅಂಕ ಉಂಟು. ಗಂಡಸರಿಗೆ 90ರವರೆಗೆ ಸೊನ್ನೆ, 91ರಿಂದ 100ಕ್ಕೆ ಒಂದು, 100 ದಾಟಿದರೆ ಎರಡು. ಹೆಂಗಸರಿಗೆ 80, 90ರ ಗೆರೆ. ವಯಸ್ಸು, ತಂಬಾಕು, ಕುಡಿತ, ಮನೆಯಲ್ಲಿ ಸಕ್ಕರೆ ಕಾಯಿಲೆ ಉಂಟೋ ಇಲ್ಲವೋ ಎಲ್ಲ ಸೇರಿಸಿ ನಾಲ್ಕು ದಾಟಿದರೆ ಅವರನ್ನು ಮೊದಲು ತಪಾಸಣೆಗೆ ಕಳಿಸುತ್ತೇವೆ.

ಈ ಪೋಸ್ಟ್ ಓದಿದ ಮೇಲೆ ಫಾರಂ ತೆಗೆದು ನೋಡಿದೆ. ಇವರ ಅಪ್ಪನಿಗೆ 88 ಅಂದರೆ ಸೊಂಟಕ್ಕೆ ಸೊನ್ನೆ ಅಂಕ. ಭಾವನಿಗೆ ಒಂದು. ನಮ್ಮ ಕಡೆ ಅಪ್ಪನ ಹಾಗಿನವರೇ ಹೆಚ್ಚು. ಕೈಕಾಲು ಕಡ್ಡಿ, ಎದೆಯ ಎಲುಬು ಕಾಣುತ್ತದೆ, ಹೊಟ್ಟೆ ಮಾತ್ರ ಮುಂದೆ ಬಂದಿರುತ್ತದೆ. ನೀವು ದಪ್ಪ ಇದ್ದೀರಿ, ಸಕ್ಕರೆ ನೋಡಿಸಿ ಅಂದರೆ ಅವರು ನಗುತ್ತಾರೆ. ಇಂಥವರನ್ನು ಹಿಡಿಯಲಿಕ್ಕೆ ಈ ಲೆಕ್ಕ ಉಪಯೋಗ ಆಗುತ್ತದಾ? ಮನೆ ಬಾಗಿಲಲ್ಲಿ ನಿಂತು 2/3 ಘಾತ ಎಲ್ಲ ನನ್ನಿಂದ ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊನ್ನಾವರ ಟೇಲರ್

ಅಳತೆಯ ವಿಷಯ ಬಂತು, ಅದಕ್ಕೆ ಬರೆಯುತ್ತಿದ್ದೇನೆ. ಬಂದರಿನ ಅಣ್ಣ, ಪ್ಯಾಂಟಿನ 34 ನಿಮ್ಮ ಸೊಂಟದ ಅಳತೆ ಅಲ್ಲ. ಹೊಟ್ಟೆ ಬಂದ ಹಾಗೆ ಗಂಡಸರು ಪ್ಯಾಂಟನ್ನು ಕೆಳಗೆ ಕೆಳಗೆ ಹಾಕಿಕೊಳ್ಳುತ್ತಾ ಹೋಗುತ್ತಾರೆ. 34ರ ಪ್ಯಾಂಟ್ ಹೊಟ್ಟೆಯ ಕೆಳಗೆ ಕೂತಿರುತ್ತದೆ, ಮೇಲೆ ಹೊಟ್ಟೆ 38 ಇರುತ್ತದೆ. ಅಂಗಡಿಯಲ್ಲಿ ದಿನಾ ನೋಡುವ ವಿಷಯ ಇದು. ರೆಡಿಮೇಡ್ ಆದರೆ 34 ಅಂತ ಬರೆದದ್ದರ ಪಟ್ಟಿ ಅಳೆದರೆ 35, 36 ಬರುವುದೂ ಉಂಟು.

ಸರಿಯಾದ ಅಳತೆ ಬೇಕಾದರೆ ಮೈಯಲ್ಲಿ ಎಲ್ಲಿ ಸಪೂರ ಇದೆಯೋ ಅಲ್ಲಿ ಟೇಪ್ ಹಿಡಿಯಬೇಕು, ಒಂದು ಬೆರಳು ಒಳಗೆ ಇಟ್ಟು. ಹೊಕ್ಕಳಿನ ಮೇಲೆ ಹಿಡಿದರೂ ನಡೆಯುತ್ತದೆ. ಮತ್ತೆ ಹಳೇ ಬಟ್ಟೆ ಟೇಪ್ ಬೇಡ. ಎಳೆದು ಎಳೆದು ಉದ್ದ ಆಗಿರುತ್ತದೆ, ಅಳತೆ ಕಡಿಮೆ ತೋರಿಸುತ್ತದೆ. ಮರದ ಮೀಟರ್ ಪಟ್ಟಿಗೆ ಹಿಡಿದು ನೋಡಿಕೊಂಡರೆ ಗೊತ್ತಾಗುತ್ತದೆ.

ಕುಮಟಾ ಡಾಕ್ಟ್ರು

ಟೇಲರ್ ಅಣ್ಣ ಪ್ಯಾಂಟಿನ ಬಗ್ಗೆ, ಟೇಪಿನ ಬಗ್ಗೆ ಹೇಳಿದ್ದು ಅಪ್ಪಟ ನಿಜ. ಜಾಗದ ಬಗ್ಗೆ ಮಾತ್ರ ಒಪ್ಪಲಾರೆ. ಸಪೂರ ಜಾಗ ಎಂಬುದು ಹೊಟ್ಟೆ ಬಂದವರಲ್ಲಿ ಇರುವುದೇ ಇಲ್ಲ. ಹೊಕ್ಕಳು ಹೊಟ್ಟೆ ಜೋತಂತೆ ಕೆಳಗೆ ಇಳಿಯುತ್ತದೆ. ಬಟ್ಟೆ ಹೊಲಿಯಲಿಕ್ಕೆ ಅದು ಸಾಕು. ಎಲುಬನ್ನು ಗುರುತಾಗಿ ಇಟ್ಟುಕೊಂಡರೆ ಮಾತ್ರ ಇವತ್ತಿನ ಅಳತೆ ಆರು ತಿಂಗಳ ನಂತರದ ಅಳತೆಗೆ ಹೊಂದುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಜಾಗ ಎಂದರೆ, ಪಕ್ಕೆಯಲ್ಲಿ ಕೈಗೆ ಸಿಗುವ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ಸರಿ ಮಧ್ಯ. ಮಾಸ್ತರ್ ಹೇಳಿದ ಅಮೆರಿಕದ ಸಮೀಕ್ಷೆಯಲ್ಲಿ ಅಳೆದದ್ದು ಸೊಂಟದ ಮೂಳೆಯ ಮೇಲಂಚಿಗೆ ತಾಗಿದಂತೆ, ಅಂದರೆ ಇನ್ನೂ ಸ್ವಲ್ಪ ಕೆಳಗೆ. ಎಬಿಎಸ್‌ಐ ಸರಾಸರಿ ಬಂದಿರುವುದು ಆ ಅಳತೆಯಿಂದ. ಆ ಸರಾಸರಿಯ ಜೊತೆ ಹೋಲಿಸಬೇಕೆಂದರೆ ಅಲ್ಲೇ ಅಳೆಯಬೇಕು. ಕಾಲು ಸ್ವಲ್ಪ ಅಗಲಿಸಿ ನೇರ ನಿಂತು, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ, ಬರಿ ಮೈ ಮೇಲೆ, ಟೇಪ್ ಹಿಂದೆ ಮುಂದೆ ನೆಲಕ್ಕೆ ಸಮಾನಾಂತರವಾಗಿ ಇರಬೇಕು. ಒಳಗೆ ಬೆರಳು ಇಡಬೇಡಿ. ಪಂಚೆಯ ಗಂಟಿನ ಮೇಲೆ, ಸೀರೆ ನೆರಿಗೆಯ ಮೇಲೆ ಹಿಡಿದರೆ ಮೂರು ನಾಲ್ಕು ಸೆಂ.ಮೀ. ಎಲ್ಲಿಂದಲೋ ಬಂದುಬಿಡುತ್ತದೆ. ಮಧ್ಯಾಹ್ನ ಊಟ ಮಾಡಿ ಎದ್ದವರನ್ನು ಅಳೆದರೂ ಹಾಗೇ.

ಅಷ್ಟು ಸೆಂ.ಮೀ.ಗೆ ಏನಾಗುತ್ತದೆ ಅಂತ ಕೇಳಬಹುದು. ಸೋಂದಾದ ಅಪ್ಪಯ್ಯನವರ ಸೊಂಟ 88ರ ಬದಲು 85 ಬಂದರೆ ಎಬಿಎಸ್‌ಐ 0.0861ಕ್ಕೆ ಇಳಿಯುತ್ತದೆ. ಒಂದೂವರೆ ಎಸ್‌ಡಿ ಇದ್ದದ್ದು ಒಂದಾಗುತ್ತದೆ. ಕೆಂಪಿನ ಗೆರೆ ಅಷ್ಟು ಹತ್ತಿರ ಇದೆ. ಅದಕ್ಕೆ ಮೊದಲ ಕೆಲಸ, ಬೆಳಿಗ್ಗೆ ತಿಂಡಿಗೆ ಮೊದಲು ಮತ್ತೆ ಅಳೆಯಿರಿ.

ಎರಡನೆಯದು, ನನಗೆ ಲೆಕ್ಕಕ್ಕಿಂತ ಮುಖ್ಯ ಅನಿಸಿದ್ದು. ತೆಳ್ಳಗಿನ ಮನುಷ್ಯನ ಹೊಟ್ಟೆ ದೊಡ್ಡದು ಅಂದ ಕೂಡಲೇ ಕೊಬ್ಬು ಅಂತ ತೀರ್ಮಾನ ಮಾಡಬೇಡಿ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದರೂ ಈ ಸೂತ್ರ ಕೆಂಪು ತೋರಿಸುತ್ತದೆ. ಕಾಯಿಲೆಯಿಂದ ಕೈಕಾಲಿನ ಮಾಂಸ ಕರಗಿ ತೂಕ ಇಳಿದರೂ ಕೆಂಪು ತೋರಿಸುತ್ತದೆ, ಸೊಂಟ ಒಂದು ಸೆಂ.ಮೀ.ಯೂ ಹೆಚ್ಚಾಗದೆ. ಭಾಗಿಸುವ ಕಡೆ ತೂಕ ಇದೆಯಲ್ಲ, ಅದು ಇಳಿದರೆ ಉತ್ತರ ಏರುತ್ತದೆ. ಹಾಗಾಗಿ ಅಪ್ಪಯ್ಯನವರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಈ ಆರು ತಿಂಗಳಲ್ಲಿ ತೂಕ ಇಳಿದಿದೆಯಾ, ಊಟ ಸೇರುತ್ತದಾ, ಸಂಜೆ ಹೊತ್ತಿಗೆ ಕಾಲು ಊದುತ್ತದಾ, ಕೆಮ್ಮು ಉಂಟಾ?

ಸೋಂದಾ ಕಡೆಯವ

ಡಾಕ್ಟ್ರೇ, ಬಹಳ ಉಪಕಾರ ಆಯಿತು. ಇವತ್ತು ಬೆಳಿಗ್ಗೆ ಅಪ್ಪಯ್ಯ ಚಾ ಕುಡಿಯುವ ಮೊದಲೇ ನೀವು ಹೇಳಿದ ಹಾಗೆ ಸೊಂಟದ ಮೂಳೆ ಹುಡುಕಿ ಅಳೆದೆ. 85, 86ರ ನಡುವೆ ಬರುತ್ತಿದೆ, 85.5 ಅಂತ ಹಾಕಿದೆ. ತಪಾಸಣೆಯ ದಿನ ಪಂಚೆ ಬಿಚ್ಚಿಸಿರಲಿಲ್ಲ, ಮೇಲಿಂದಲೇ ಟೇಪ್ ಹಿಡಿದಿದ್ದರಂತೆ. ಎಬಿಎಸ್‌ಐ ಈಗ 0.0866. ಕೆಂಪು ಹೋಗಲಿಲ್ಲ, ಆದರೆ ಗೆರೆಯ ಹತ್ತಿರ ಬಂತು.

ತೂಕ ಇಳಿದಿಲ್ಲ. ಸೊಸೈಟಿಯ ತೂಕದ ಚೀಟಿ ಎರಡು ವರ್ಷದ ಹಿಂದಿನದು ಸಿಕ್ಕಿತು, ಅದರಲ್ಲೂ 58. ಊಟ ಸರಿ ಇದೆ, ಕಾಲು ಊದುವುದಿಲ್ಲ. ಮೊದಲು ಕೊನೆಗೌಡರಿಗೆ ಸಮನಾಗಿ ತೋಟದಲ್ಲಿ ಓಡಾಡುತ್ತಿದ್ದವರು ಮಂಡಿ ನೋವು ಶುರುವಾದ ಮೇಲೆ ಅಂಗಳ ಬಿಟ್ಟು ಇಳಿಯುವುದೇ ಕಡಿಮೆ. ತೊಡೆ ನೋಡಿದರೆ ಗೊತ್ತಾಗುತ್ತದೆ, ಬಹಳ ಬಡಕಲಾಗಿದೆ.

ಕುಮಟಾ ಡಾಕ್ಟ್ರು

ತೂಕ ಅಷ್ಟೇ ಇದ್ದು ತೊಡೆ ಬಡಕಲಾಗಿದ್ದರೆ, ಅಲ್ಲಿಂದ ಹೋದದ್ದು ಇನ್ನೆಲ್ಲೋ ಸೇರಿದೆ ಎಂದೇ ಲೆಕ್ಕ. ಬಿಎಂಐಗೆ ಅದು ಕಾಣುವುದಿಲ್ಲ, ಈ ಸೂತ್ರಕ್ಕೆ ಕಾಣುತ್ತದೆ. ಇಂಥ ಮೈಯವರಿಗೇ ಇದು ಹೆಚ್ಚು ಉಪಯೋಗ ಅಂತ ನನ್ನ ಅಭಿಪ್ರಾಯ. ಖಾಲಿ ಹೊಟ್ಟೆಯ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್, ಲಿವರ್ ಪರೀಕ್ಷೆ ಮಾಡಿಸಿ. ಮಂಡಿಯನ್ನೂ ತೋರಿಸಿ, ಅದು ಬೇರೆ ವಿಷಯವಲ್ಲ.

ಭಾವನನ್ನೂ ಕರೆದುಕೊಂಡು ಬನ್ನಿ. ಬಿಪಿ ಇದೆ, ಬಿಎಂಐ 30, ಸೊಂಟ 98. ನಮ್ಮವರಿಗೆ ಬಿಎಂಐ 25 ದಾಟಿದರೇ ಬೊಜ್ಜು ಅನ್ನುತ್ತೇವೆ, ಗಂಡಸರ ಸೊಂಟಕ್ಕೆ 90ರ ಗೆರೆ. ಬಿಪಿ, ಸಕ್ಕರೆ ಯಾರಿಗೆ ಬರಬಹುದು ಎಂದು ಹೇಳುವುದರಲ್ಲಿ ಎಬಿಎಸ್‌ಐ ಅಷ್ಟು ಗಟ್ಟಿ ಇಲ್ಲ. ಸೊಂಟವನ್ನು ಎತ್ತರದಿಂದ ಭಾಗಿಸಿದ ಸಾದಾ ಲೆಕ್ಕವೇ ಅದಕ್ಕಿಂತ ಮೇಲು. ಹಸಿರು ಬಣ್ಣ ನೋಡಿ ಮಾತ್ರೆ ಬಿಟ್ಟರೆ ಮಾತ್ರ ದೊಡ್ಡ ಅನಾಹುತ. ಆ ಬಣ್ಣವನ್ನು ಶೀಟಿನಿಂದ ಇವತ್ತೇ ತೆಗೆಯಿರಿ.

ಯಲ್ಲಾಪುರ ನಡಿಗೆ

ನನ್ನದೂ ಒಂದು ಕೇಳಿ. ಐದಾರು ತಿಂಗಳಿಂದ ದಿನಾ ನಡೆಯುತ್ತೇನೆ, ರಾತ್ರಿ ಅನ್ನ ಬಿಟ್ಟಿದ್ದೇನೆ. ಎತ್ತರ 170. ತೂಕ 84 ಇದ್ದದ್ದು 78 ಆಯಿತು, ಸೊಂಟ 100 ಇದ್ದದ್ದು 96. ಮೊಬೈಲ್ ಆ್ಯಪ್‌ನಲ್ಲಿ ಎಬಿಎಸ್‌ಐ 0.0811 ಇದ್ದದ್ದು 0.0818 ಆಗಿದೆ. ಅಪಾಯ ಹೆಚ್ಚಾಗಿದೆ ಅಂತ ಮೇಲ್ಮುಖ ಬಾಣ ತೋರಿಸುತ್ತಿದೆ! ಆರು ಕಿಲೋ ಇಳಿಸಿದ್ದು ಸಾವಿಗೆ ಹತ್ತಿರ ಹೋಗಲಿಕ್ಕಾ? ಮನೆಯವಳು ರಾತ್ರಿ ಅನ್ನ ಮತ್ತೆ ಶುರು ಮಾಡಿ ಅನ್ನುತ್ತಿದ್ದಾಳೆ.

ಕಾರವಾರ ಮಾಸ್ತರ್

ದಯವಿಟ್ಟು ಆ ಬಾಣ ನೋಡಿ ಏನನ್ನೂ ಬದಲಿಸಬೇಡಿ. ನಿಮ್ಮ ಲೆಕ್ಕ ಬಿಡಿಸಿ ತೋರಿಸುತ್ತೇನೆ.

ಈ ಸೂತ್ರದ ಪ್ರಕಾರ ತೂಕ ಇಳಿದರೆ ಸೊಂಟವೂ ಇಂತಿಷ್ಟು ಇಳಿಯಬೇಕು ಎಂಬ ನಿರೀಕ್ಷೆ ಒಳಗೇ ಕೂತಿದೆ. 84ರಿಂದ 78ಕ್ಕೆ ಬಂದವರ ಸೊಂಟ 100ರಿಂದ 95.2ಕ್ಕೆ ಬಂದರೆ ಎಬಿಎಸ್‌ಐ ಇದ್ದಲ್ಲೇ ಇರುತ್ತದೆ. ನಿಮ್ಮದು 96ಕ್ಕೆ ಬಂದಿದೆ. ವ್ಯತ್ಯಾಸ 0.8 ಸೆಂ.ಮೀ. ಡಾಕ್ಟ್ರು ಮೇಲೆ ಹೇಳಿದ್ದು ಓದಿದಿರಲ್ಲ, ಉಸಿರು ಬಿಟ್ಟು ಅಳೆದದ್ದಕ್ಕೂ ಹಿಡಿದು ಅಳೆದದ್ದಕ್ಕೂ ಅದಕ್ಕಿಂತ ಹೆಚ್ಚು ಫರಕು ಬರುತ್ತದೆ. ಅಂದರೆ ಬಾಣ ತೋರಿಸಿದ್ದು ಟೇಪಿನ ಅಲುಗಾಟವನ್ನು, ನಿಮ್ಮ ದೇಹವನ್ನಲ್ಲ. ಅದೇ ವೇಳೆ ಬಿಎಂಐ 29ರಿಂದ 27ಕ್ಕೆ ಬಂತು, ಸೊಂಟ ಎತ್ತರದ ಅನುಪಾತ 0.59ರಿಂದ 0.56ಕ್ಕೆ ಇಳಿಯಿತು. ಇವೆರಡೂ ನಿಜವಾಗಿ ಆದ ಬದಲಾವಣೆ.

ಉಲ್ಟಾ ಹಾಕಿ ನೋಡಿದರೆ ಇನ್ನೂ ಸ್ಪಷ್ಟ. ಸೋಂದಾದ ಅಪ್ಪಯ್ಯನವರು ಸೊಂಟ ಹಾಗೇ ಇಟ್ಟುಕೊಂಡು ಒಂದು ಕಿಲೋ ತೂಕ ಏರಿಸಿದರೆ ಅವರ ಎಬಿಎಸ್‌ಐ 0.0010 ಇಳಿಯುತ್ತದೆ. ಸೊಂಟ ಒಂದು ಸೆಂ.ಮೀ. ಕರಗಿಸಿದರೂ ಅಷ್ಟೇ ಇಳಿಯುತ್ತದೆ. ಆ ಒಂದು ಕಿಲೋ ತೊಡೆಯ ಮಾಂಸವಾಗಿದ್ದರೆ ಒಳ್ಳೆಯದೇ. ಸೂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಒಂದು ದೊಡ್ಡ ಗುಂಪಿನಲ್ಲಿ ಯಾರ ಆಕಾರ ಎಲ್ಲಿ ನಿಲ್ಲುತ್ತದೆ ಎಂದು ನೋಡಲಿಕ್ಕೆ ಮಾಡಿದ ಸಾಧನ ಇದು. ಒಬ್ಬರ ತೂಕ ಇಳಿಕೆಯನ್ನು ವಾರವಾರ ನೋಡಲಿಕ್ಕೆ ಬಳಸುವ ಆ್ಯಪ್‌ಗಳ ಬಗ್ಗೆ ನನಗೆ ಸಿಟ್ಟಿದೆ, ಜನ ಸರಿಯಾದ ದಾರಿಯಿಂದ ಹಿಂದೆ ಸರಿಯುವಂತೆ ಮಾಡುತ್ತವೆ.

ಸಿರ್ಸಿ ಲ್ಯಾಬ್

ಮಾಸ್ತರ್, ಇದರ ಬುಡವನ್ನೇ ಕೇಳುತ್ತೇನೆ. ಅಮೆರಿಕದವರ ಮೈಯಿಂದ ತೆಗೆದ ಘಾತ, ಅಮೆರಿಕದವರ ಸರಾಸರಿ. ಆ ಪ್ರಬಂಧದಲ್ಲೇ ಬಿಳಿಯರಿಗೆ, ಕರಿಯರಿಗೆ ಸಾವಿನ ಸಂಬಂಧ ಕಂಡಿತು, ಮೆಕ್ಸಿಕನ್ ಮೂಲದವರಿಗೆ ಕಾಣಲಿಲ್ಲ ಅಂತ ಬರೆದಿದ್ದಾರೆ. ಅದೇ ದೇಶದಲ್ಲಿರುವ ಒಂದು ಸಮುದಾಯಕ್ಕೇ ಹೊಂದದ್ದು ಸೋಂದಾದ ಹವ್ಯಕರಿಗೆ, ಅಂಕೋಲೆಯ ಹಾಲಕ್ಕಿಗಳಿಗೆ ಹೊಂದುತ್ತದೆ ಅಂತ ಹೇಗೆ ಹೇಳುತ್ತೀರಿ? ಲ್ಯಾಬಿಗೆ ಬರುವ ಸಪೂರ ಜನರ ಸಕ್ಕರೆ ರಿಪೋರ್ಟ್ ನೋಡಿ ನೋಡಿ ನನಗೆ ಅನಿಸಿರುವುದು, ನಮಗೆ ಬೇರೆಯದೇ ಅಳತೆಗೋಲು ಬೇಕು. 33% ಅಪಾಯ ಹೆಚ್ಚು ಅಂತ ಜನ ಹಂಚಿಕೊಳ್ಳುವ ಅಂಕಿಯೂ ಅಲ್ಲಿಯದ್ದೇ.

ಕಾರವಾರ ಮಾಸ್ತರ್

ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ, ಇರುವಷ್ಟು ಹೇಳುತ್ತೇನೆ. 33% ಎಂಬುದು ಅಮೆರಿಕದ ಆ ಗುಂಪಿನಲ್ಲಿ ಒಂದು ಎಸ್‌ಡಿ ಏರಿದ್ದಕ್ಕೆ, ಅದೂ ಐದು ವರ್ಷದ ಅವಧಿಗೆ. ಅದೇ ಲೇಖಕರು 2014ರಲ್ಲಿ ಬ್ರಿಟನ್ನಿನ 7,011 ಜನರ ಮಾಹಿತಿಯನ್ನು 24 ವರ್ಷ ಹಿಂಬಾಲಿಸಿದಾಗ ಒಂದು ಎಸ್‌ಡಿಗೆ 13% ಬಂತು. ದಿಕ್ಕು ಅದೇ, ಗಾತ್ರ ಬೇರೆ. ಮತ್ತೆ ಇದು ಅದೇ ವಯಸ್ಸಿನವರ ಜೊತೆಗಿನ ಹೋಲಿಕೆ. 35ರ ಹುಡುಗನ ಸಾವಿನ ಸಂಭವವೇ ತೀರಾ ಸಣ್ಣದು, ಅದರ ಮೂರನೇ ಒಂದು ಪಾಲು ಸೇರಿಸಿದರೂ ಸಣ್ಣದೇ. 70ರವರಿಗೆ ಅದೇ 33% ಬಹಳ ದೊಡ್ಡದಾಗುತ್ತದೆ. ಅಂಕಿಯೊಂದನ್ನೇ ವಾಟ್ಸಾಪಿನಲ್ಲಿ ಹಂಚಿದರೆ ಈ ಭೇದ ಹೋಗಿಬಿಡುತ್ತದೆ.

ನಮ್ಮ ದೇಶದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 2019–21ರಲ್ಲಿ, ಸೊಂಟದ ಅಳತೆಯನ್ನೂ ತೆಗೆದಿದ್ದಾರೆ. ಅದರಿಂದ ನಮ್ಮ ಸರಾಸರಿ ಎಷ್ಟು, ಘಾತ ಅದೇ ಬರುತ್ತದಾ ಎಂದು ನೋಡಬಹುದು. ಆದರೆ ಅದು ಒಂದು ಸಲ ಅಳೆದು ಬಿಟ್ಟ ಸಮೀಕ್ಷೆ, ಆಮೇಲೆ ಯಾರು ಬದುಕಿದರು ಯಾರು ಹೋದರು ಎಂದು ಹಿಂಬಾಲಿಸಿದ್ದಲ್ಲ. ಸಾವಿನ ಜೊತೆಗಿನ ಸಂಬಂಧ ಅದರಿಂದ ಸಿಗದು. ಹಾಗಾಗಿ ನಮ್ಮ ಜನರಿಗೆ ಎಬಿಎಸ್‌ಐ ಹಾಕಿ ಇಷ್ಟು ಶೇಕಡಾ ಅಪಾಯ ಎಂದು ಬರೆಯುವುದನ್ನು ನಾನು ವಿರೋಧಿಸುತ್ತೇನೆ. ಅದೇ ಊರಿನ, ಅದೇ ವಯಸ್ಸಿನ ಜನರಲ್ಲಿ ಯಾರ ಹೊಟ್ಟೆ ಅವರ ಮೈಗೆ ಹೆಚ್ಚಾಗಿದೆ ಎಂದು ಸಾಲು ಹಚ್ಚಿ, ಮೇಲಿನವರನ್ನು ಮೊದಲು ಕರೆಯಲಿಕ್ಕೆ ಬಳಸುವುದನ್ನು ಒಪ್ಪುತ್ತೇನೆ.

ಸಿರ್ಸಿ ಲ್ಯಾಬ್

ಸಾಲು ಹಚ್ಚುವಾಗಲೂ ಘಾತ ಅವರದ್ದೇ ಅಲ್ಲವಾ? ನಮ್ಮ ಮೈಕಟ್ಟಿಗೆ 2/3 ಬದಲು ಬೇರೆ ಬಂದರೆ ಸಾಲಿನ ಕ್ರಮವೇ ಬದಲಾಗುತ್ತದೆ. ಸಪೂರ ಇರುವವರೆಲ್ಲ ಮೇಲೆ ಬರಬಹುದು, ಇಲ್ಲ ಕೆಳಗೆ ಹೋಗಬಹುದು. ನನಗೆ ಇದು ಒಪ್ಪಿಗೆ ಆಗಲಿಲ್ಲ.

ಅಂಕೋಲಾ ಆಶಾ

ನೀವು ಇಬ್ಬರೂ ಹೇಳಿದ್ದರಲ್ಲಿ ಅರ್ಧ ನನಗೆ ತಿಳಿಯಿತು. ಡಾಕ್ಟ್ರು ಹೇಳಿದ ಸೊಂಟ ಎತ್ತರದ ಲೆಕ್ಕ ಮಾತ್ರ ನನಗೆ ಆಗುವಂಥದ್ದು. ಎತ್ತರದ ಅರ್ಧಕ್ಕಿಂತ ಸೊಂಟ ಹೆಚ್ಚಿದ್ದರೆ ಬರೆದುಕೊಳ್ಳಬೇಕು, ಅಷ್ಟೇ ಅಲ್ಲವಾ? 165 ಎತ್ತರದವರಿಗೆ 82.5. ಹೊಸ ಅಳತೆ ಹಿಡಿದರೂ ಅಪ್ಪ ಸಿಗುತ್ತಾರೆ, ಭಾವನೂ ಸಿಗುತ್ತಾನೆ. ಫಾರಂನಲ್ಲಿ ಸೊನ್ನೆ ಬಂದ ಸಪೂರ ಜನರ ಹೆಸರು ನನ್ನ ಡೈರಿಯಲ್ಲಿ ಬೇರೆ ಬರೆದುಕೊಳ್ಳುತ್ತೇನೆ, ಸಕ್ಕರೆ ನೋಡುವ ದಿನ ಅವರನ್ನೂ ಕರೆಯುತ್ತೇನೆ. ನಮ್ಮ ಮೇಡಂ ಬೇಡ ಅನ್ನಲಿಕ್ಕಿಲ್ಲ.

ಒಂದು ಸಂಶಯ ಉಂಟು. ನಮ್ಮ ಕೇರಿಯಲ್ಲಿ ಬೆನ್ನು ಬಾಗಿದ ಅಜ್ಜಿಯರು ಬಹಳ. ಗೋಡೆಗೆ ನಿಲ್ಲಿಸಿದರೆ ತಲೆ ತಾಗುವುದೇ ಇಲ್ಲ. ಒಬ್ಬ ಅಜ್ಜಿಯ ಹಳೇ ದವಾಖಾನೆ ಕಾರ್ಡಿನಲ್ಲಿ 150 ಅಂತ ಇದೆ, ನಾನು ಅಳೆದರೆ 144. ಯಾವುದನ್ನು ಹಾಕಬೇಕು?

ಕಾರವಾರ ಮಾಸ್ತರ್

ಇದು ಬಹಳ ಒಳ್ಳೆಯ ಪ್ರಶ್ನೆ, ಯಾಕೆಂದರೆ ಎರಡು ಲೆಕ್ಕಗಳೂ ಇಲ್ಲಿ ವಿರುದ್ಧ ದಿಕ್ಕಿಗೆ ಹೋಗುತ್ತವೆ. 150ರ ಬದಲು 144 ಹಾಕಿದರೆ ಎಬಿಎಸ್‌ಐ ನೂರಕ್ಕೆ ಮೂರು ಚಿಲ್ಲರೆಯಷ್ಟು ಕಡಿಮೆಯಾಗುತ್ತದೆ, ಅಂದರೆ ಸುಮಾರು ಅರ್ಧ ಎಸ್‌ಡಿ ಹಸಿರಿನ ಕಡೆ ವಾಲುತ್ತದೆ. ಬಿಎಂಐ ಮತ್ತು ಸೊಂಟ ಎತ್ತರದ ಅನುಪಾತ ಎರಡೂ ಏರುತ್ತವೆ. ಅಜ್ಜಿ ಅದೇ ಅಜ್ಜಿ, ಬೆನ್ನು ಮಾತ್ರ ಬಾಗಿದ್ದು.

ಕುಮಟಾ ಡಾಕ್ಟ್ರು

ಆಶಾ ಅಕ್ಕ, ಹಳೇ ಕಾರ್ಡಿನ ಎತ್ತರ ನಂಬುವಂತಿದ್ದರೆ ಅದನ್ನೇ ಹಾಕಿ, ಪಕ್ಕದಲ್ಲಿ ಈಗಿನದನ್ನೂ ಬರೆಯಿರಿ. ಆರು ಸೆಂ.ಮೀ. ಎತ್ತರ ಕಳೆದುಕೊಂಡವರ ಬೆನ್ನುಮೂಳೆ ಕುಸಿದಿರಬಹುದು, ಅದನ್ನೇ ಮೊದಲು ತೋರಿಸಬೇಕು. ಬೆನ್ನು ಬಾಗಿದಾಗ ಪಕ್ಕೆಲುಬು ಕೆಳಗಿಳಿದು ಸೊಂಟದ ಮೂಳೆಗೆ ತಾಗುವಷ್ಟು ಹತ್ತಿರ ಬರುತ್ತದೆ, ಹೊಟ್ಟೆ ಮುಂದೆ ತಳ್ಳುತ್ತದೆ. ಮಧ್ಯದ ಜಾಗವೇ ಸಿಗುವುದಿಲ್ಲ. ಅಂಥವರಿಗೆ ಸೊಂಟದ ಯಾವ ಲೆಕ್ಕವೂ ಬೇಡ ಅಂತ ನಾನು ಹೇಳುತ್ತೇನೆ. ಸಕ್ಕರೆ, ಬಿಪಿ ನೇರ ನೋಡಿ, ಊಟ ಮಾಡುತ್ತಾರಾ ಕೇಳಿ.

ಬೈತಖೋಲ ಬಂದರು

ಟೇಲರ್ ಹೇಳಿದ ಮೇಲೆ ಹೆಂಡತಿ ಹತ್ತಿರ ಅಳೆಸಿದೆ. 97. ಪ್ಯಾಂಟಿನಲ್ಲಿ 34 ಅಂತಲೇ ಬರೆದಿದೆ. 168ಕ್ಕೆ 84 ಇರಬೇಕಂತಲ್ಲ. ಸೋಮವಾರ ದೋಣಿ ಇಲ್ಲ, ರಕ್ತ ಕೊಟ್ಟು ಬರುತ್ತೇನೆ.

ಸೋಂದಾ ಕಡೆಯವ

ಬಣ್ಣ ತೆಗೆದೆ. ಬಿಎಂಐ, ಸೊಂಟ ಎತ್ತರದ ಅನುಪಾತ, ಎಬಿಎಸ್‌ಐ ಮೂರನ್ನೂ ಪಕ್ಕಪಕ್ಕ ಇಟ್ಟಿದ್ದೇನೆ. ಅಳತೆ ಪಂಚೆ ಮೇಲಿನದೋ ಬರಿ ಮೈಯದೋ ಅಂತ ಒಂದು ಕಾಲಂ ಸೇರಿಸಿದೆ. ಅಪ್ಪಯ್ಯನ ಖಾಲಿ ಹೊಟ್ಟೆ ಸಕ್ಕರೆ 118 ಬಂದಿದೆ. ಇನ್ನೊಮ್ಮೆ ನೋಡಬೇಕು, ಮೂರು ತಿಂಗಳ ಸರಾಸರಿಯ ಪರೀಕ್ಷೆಯನ್ನೂ ಮಾಡಿಸಿ ಅಂದಿದ್ದಾರೆ. ಭಾವ ಮೊದಲು ಬರುವುದಿಲ್ಲ ಅಂದ. ಮಾಸ್ತರ್ ಬರೆದ 100.5ರ ಲೆಕ್ಕ ಓದಿ ಹೇಳಿದೆ, 82 ಕಿಲೋದವರೆಲ್ಲರ ಹೊಟ್ಟೆಯ ಜೊತೆ ಹೋಲಿಸಿ ನಿನ್ನದು ಸಣ್ಣದು ಅಂದಿದ್ದಾರೆ ಅಷ್ಟೇ ಅಂತ. ಗುರುವಾರ ಬರುತ್ತೇನೆ ಅಂದಿದ್ದಾನೆ.

ಶೀಟ್ ಬೇಕಾದವರು ಕೇಳಿ, ಹೆಸರುಗಳನ್ನು ತೆಗೆದು ಕಳಿಸುತ್ತೇನೆ. ಸಿರ್ಸಿ ಲ್ಯಾಬಿನವರು ಕೇಳಿದ ಘಾತದ ವಿಷಯ ನಮ್ಮ ಸೊಸೈಟಿಯಷ್ಟು ಸಣ್ಣ ಪಟ್ಟಿಯಿಂದ ತಿಳಿಯುತ್ತದಾ, ಮಾಸ್ತರ್?

ಕಾರವಾರ ಮಾಸ್ತರ್

ಇಲ್ಲ. ಅರ್ಧಕ್ಕರ್ಧ ಜನರ ಅಳತೆ ಪಂಚೆ ಮೇಲಿನದು. ಮೊದಲು ಅಷ್ಟನ್ನು ಮತ್ತೆ ಅಳೆಯಿರಿ, ಆಮೇಲೆ ಪಟ್ಟಿ ಕಳಿಸಿ, ಕೂತು ನೋಡೋಣ.